ತಂತಿ ಕರೆಗಂಟೆ ಮತ್ತು ನಿಸ್ತಂತು ಕರೆಗಂಟೆ

ಕರೆಗಂಟೆ ಎಂಬುದು ಬಾಗಿಲ ಹೊರಗೆ ನಿಂತವರು ತಾವು ಬಂದಿರುವುದನ್ನು ಮನೆಯ ಒಳಗಿನವರಿಗೆ ತಿಳಿಸಲು ಬಳಸುವ ವಿದ್ಯುತ್ ಸಾಧನ. ಆಡುಮಾತಿನಲ್ಲಿ ಇದನ್ನು ಕಾಲಿಂಗ್ ಬೆಲ್ ಎನ್ನುತ್ತಾರೆ. ಇದರಲ್ಲಿ ಎರಡು ಭಾಗಗಳಿವೆ: ಹೊರಗಿನವರು ಒತ್ತುವ ಗುಂಡಿ ಮತ್ತು ಒಳಗೆ ನಾದ ಹೊರಡಿಸುವ ಗಂಟೆ. ಇವೆರಡನ್ನೂ ತಾಮ್ರದ ತಂತಿಯಿಂದ ಜೋಡಿಸಿದ್ದರೆ ಅದು ತಂತಿ ಕರೆಗಂಟೆ. ರೇಡಿಯೊ ಸಂಕೇತದ ಮೂಲಕ ಜೋಡಿಸಿದ್ದರೆ ನಿಸ್ತಂತು ಕರೆಗಂಟೆ.

ಬಹುಮಹಡಿ ವಸತಿ ಕಟ್ಟಡಗಳಲ್ಲಿ, ಅಂದರೆ ಅಪಾರ್ಟ್‌ಮೆಂಟುಗಳಲ್ಲಿ, ಗುಂಡಿ ಮತ್ತು ಗಂಟೆಯ ಸ್ಥಾನವನ್ನು ಸಾಮಾನ್ಯವಾಗಿ ಕಟ್ಟುವವರೇ ನಿಗದಿಪಡಿಸಿರುತ್ತಾರೆ. ತಂತಿಯ ಉದ್ದ ಉಳಿಯಲೆಂದು ಗಂಟೆಯನ್ನು ಬಾಗಿಲ ಮೇಲ್ಭಾಗದಲ್ಲಿಯೋ ಪಕ್ಕದ ಸ್ವಿಚ್‌ಬೋರ್ಡಿನಲ್ಲಿಯೋ ಅಳವಡಿಸುವುದು ರೂಢಿ. ಇದರಿಂದ ಗಂಟೆಯ ನಾದವು ಬಾಗಿಲ ಹೊರಗೆ ನಿಂತವರಿಗೆ ಚೆನ್ನಾಗಿ ಕೇಳಿಸುತ್ತದೆ. ಮನೆಯ ಹಿಂಭಾಗದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದವರಿಗೆ ಕೇಳಿಸುವುದಿಲ್ಲ. ಆದ್ದರಿಂದ ಕರೆಗಂಟೆಯ ಆಯ್ಕೆಯಲ್ಲಿ ತಂತಿಯೋ ನಿಸ್ತಂತುವೋ ಎಂಬ ಪ್ರಶ್ನೆಗಿಂತ ಮೊದಲು ಉತ್ತರಿಸಬೇಕಾದ ಪ್ರಶ್ನೆ, ನಾದವು ಮನೆಯ ಯಾವ ಮೂಲೆಯವರೆಗೆ ತಲುಪಬೇಕು ಎಂಬುದು.

## ಹಿನ್ನೆಲೆ

ವಿದ್ಯುತ್ ಗಂಟೆಯ ಮೂಲವನ್ನು ಅಮೆರಿಕದ ವಿಜ್ಞಾನಿ ಜೋಸೆಫ್ ಹೆನ್ರಿಯವರ ಪ್ರಯೋಗಗಳಲ್ಲಿ ಗುರುತಿಸಲಾಗುತ್ತದೆ. ಅವರು 1831ರಲ್ಲಿ ಆಲ್ಬನಿ ನಗರದಲ್ಲಿ, ಒಂದು ಮೈಲಿಗಿಂತ ಉದ್ದದ ತಂತಿಯ ಒಂದು ತುದಿಯಲ್ಲಿ ವಿದ್ಯುತ್ ಹರಿಸಿ, ಇನ್ನೊಂದು ತುದಿಯ ವಿದ್ಯುತ್ಕಾಂತದಿಂದ ಗಂಟೆ ಬಾರಿಸಿ ತೋರಿಸಿದರು. ಇಂದಿನ ತಂತಿ ಕರೆಗಂಟೆಯ ತತ್ತ್ವವೂ ಇದೇ.

ಅಮೆರಿಕದಲ್ಲಿ ಕರೆಗಂಟೆಗೆ ಪ್ರತ್ಯೇಕ ಟ್ರಾನ್ಸ್‌ಫಾರ್ಮರ್ ಇರಿಸಿ, ಸಾಮಾನ್ಯವಾಗಿ 16 ವೋಲ್ಟಿನ ವಿದ್ಯುತ್ತನ್ನು ಗುಂಡಿಗೂ ಗಂಟೆಗೂ ಹರಿಸುತ್ತಾರೆ. ಭಾರತದ ಮನೆಗಳಲ್ಲಿ ಹೆಚ್ಚಾಗಿ 230 ವೋಲ್ಟಿನ ಮನೆವಿದ್ಯುತ್ತೇ ನೇರವಾಗಿ ಗುಂಡಿಯ ಮೂಲಕ ಹಾದು ಗಂಟೆಗೆ ಹೋಗುತ್ತದೆ. ಈ ವ್ಯತ್ಯಾಸಕ್ಕೆ ಎರಡು ಪರಿಣಾಮಗಳಿವೆ. ಅಮೆರಿಕದಲ್ಲಿರುವ ಬಂಧುಗಳು ತಂದುಕೊಟ್ಟ ಗಂಟೆಯನ್ನು ಇಲ್ಲಿ ನೇರವಾಗಿ ಜೋಡಿಸಿದರೆ ಅದರ ಸುರುಳಿ ಸುಟ್ಟುಹೋಗುತ್ತದೆ. ಅದಕ್ಕಿಂತ ಮುಖ್ಯವಾದುದು, ಇಲ್ಲಿನ ಕರೆಗಂಟೆಯ ಗುಂಡಿಯನ್ನು ಆಟಿಕೆಯಂತೆ ಬಿಚ್ಚಲಾಗದು. ಅದರ ಹಿಂದೆ ದೀಪದ ಸ್ವಿಚ್ಚಿನ ಹಿಂದೆ ಇರುವಷ್ಟೇ ಅಪಾಯಕಾರಿ ವಿದ್ಯುತ್ ಇರುತ್ತದೆ.

## ತಂತಿ ಕರೆಗಂಟೆ

### ಕಾರ್ಯವಿಧಾನ

‘ಡಿಂಗ್-ಡಾಂಗ್’ ಎಂದು ನುಡಿಯುವ ಗಂಟೆಯೊಳಗೆ ತಂತಿಯ ಒಂದು ಸುರುಳಿ, ಅದರೊಳಗೆ ಜಾರುವ ಕಬ್ಬಿಣದ ಸಣ್ಣ ದಂಡ, ಒಂದು ಸ್ಪ್ರಿಂಗು ಮತ್ತು ಎರಡು ಲೋಹದ ಪಟ್ಟಿಗಳಿರುತ್ತವೆ. ಗುಂಡಿ ಒತ್ತಿದಾಗ ಸುರುಳಿಯು ಕಾಂತವಾಗಿ ದಂಡವನ್ನು ಎಳೆಯುತ್ತದೆ. ದಂಡ ಒಂದು ಪಟ್ಟಿಗೆ ಬಡಿದು ‘ಡಿಂಗ್’ ಎನ್ನುತ್ತದೆ. ಬೆರಳು ತೆಗೆದಾಗ ಸ್ಪ್ರಿಂಗು ದಂಡವನ್ನು ಹಿಂದಕ್ಕೆ ತಳ್ಳುತ್ತದೆ. ಅದು ಇನ್ನೊಂದು ಪಟ್ಟಿಗೆ ಬಡಿದು ‘ಡಾಂಗ್’ ಎನ್ನುತ್ತದೆ. ಹಕ್ಕಿಯ ಕೂಗು, ಸಂಗೀತದ ತುಣುಕು ಮುಂತಾದವನ್ನು ನುಡಿಸುವ ಗಂಟೆಗಳಲ್ಲಿ ದಂಡದ ಬದಲು ಇಲೆಕ್ಟ್ರಾನಿಕ್ ಫಲಕವೂ ಚಿಕ್ಕ ಸ್ಪೀಕರೂ ಇರುತ್ತವೆ.

ಜೋಡಣೆ ಸರಳ. ನ್ಯೂಟ್ರಲ್ ತಂತಿ ನೇರವಾಗಿ ಗಂಟೆಗೆ ಹೋಗುತ್ತದೆ. ಫೇಸ್ ತಂತಿ ಮೊದಲು ಗುಂಡಿಗೆ ಹೋಗಿ, ಅಲ್ಲಿಂದ ಗಂಟೆಗೆ ಬರುತ್ತದೆ. ಈ ಕ್ರಮ ತಿರುವುಮುರುವಾದರೂ ಗಂಟೆ ಬಾರಿಸುತ್ತದೆ. ಆದ್ದರಿಂದ ತಪ್ಪು ಬಹುಕಾಲ ಗಮನಕ್ಕೆ ಬರುವುದಿಲ್ಲ. ಆದರೆ ಗುಂಡಿ ಒತ್ತದಿದ್ದಾಗಲೂ ಗಂಟೆಯೊಳಗೆ ವಿದ್ಯುತ್ ಉಳಿದಿರುತ್ತದೆ, ಧೂಳು ಒರೆಸಲು ಮುಚ್ಚಳ ತೆಗೆದವರಿಗೆ ಆಘಾತ ತಗಲುತ್ತದೆ. ಗುಂಡಿ ಒತ್ತದಿರುವಾಗ ಗಂಟೆಯ ಎರಡೂ ತುದಿಗಳಲ್ಲಿ ಟೆಸ್ಟರ್ ಬೆಳಗದಿದ್ದರೆ ಜೋಡಣೆ ಸರಿಯಾಗಿದೆ ಎಂದರ್ಥ. ಈ ಪರೀಕ್ಷೆಯನ್ನೂ ಯಾವುದೇ ದುರಸ್ತಿಯನ್ನೂ ಪರವಾನಗಿ ಇರುವ ವಿದ್ಯುತ್ ಕೆಲಸಗಾರರಿಂದ ಮಾಡಿಸಬೇಕು. ದುರಸ್ತಿಗೆ ಮೊದಲು ಆ ಸಾಲಿನ ಎಂಸಿಬಿಯನ್ನು ಇಳಿಸಬೇಕು.

### ದೋಷಗಳು

ತಂತಿ ಕರೆಗಂಟೆಯ ದೋಷಗಳು ಬಹುಮಟ್ಟಿಗೆ ಕಿವಿಯಿಂದಲೇ ಪತ್ತೆಯಾಗುತ್ತವೆ. ‘ಡಿಂಗ್’ ಬಂದು ‘ಡಾಂಗ್’ ಬಾರದೆ ಗುಂಯ್‌ಗುಟ್ಟುವ ಸದ್ದು ಮುಂದುವರಿದರೆ ಗುಂಡಿ ಒಳಗೇ ಸಿಕ್ಕಿಕೊಂಡಿದೆ. ಡಿಂಗ್-ಡಾಂಗ್ ಗಂಟೆಯ ಸುರುಳಿ ಕ್ಷಣಕಾಲದ ಬಳಕೆಗಾಗಿ ಮಾತ್ರ ತಯಾರಾದುದರಿಂದ, ಹಾಗೆಯೇ ಬಿಟ್ಟರೆ ಅದು ಕಾದು ಸುಟ್ಟುಹೋಗುತ್ತದೆ. ಕೂಡಲೇ ಎಂಸಿಬಿ ಇಳಿಸುವುದು ಅಗತ್ಯ. ಗುಂಡಿ ಸಿಕ್ಕಿಕೊಳ್ಳದೆಯೇ ನಾದ ಕುಂದಿದ್ದರೆ ದಂಡದ ದಾರಿಯಲ್ಲಿ ಧೂಳು ಅಥವಾ ಅಡುಗೆಯ ಜಿಡ್ಡು ಸೇರಿರುತ್ತದೆ. ಅದನ್ನು ಒಣಬಟ್ಟೆಯಿಂದ ಒರೆಸಬೇಕು. ಎಣ್ಣೆ ಬಿಟ್ಟರೆ ಧೂಳು ಇನ್ನಷ್ಟು ಅಂಟುತ್ತದೆ.

ಇಲೆಕ್ಟ್ರಾನಿಕ್ ಗಂಟೆಯು ಯಾರೂ ಒತ್ತದಿದ್ದರೂ ಸಣ್ಣಗೆ ಕಿರುಗುಟ್ಟಿದರೆ, ಗುಂಡಿಯಲ್ಲಿ ಕತ್ತಲಲ್ಲಿ ಹೊಳೆಯುವ ಸೂಚಕ ದೀಪವಿದೆಯೇ ಎಂದು ನೋಡಬೇಕು. ಆ ದೀಪದ ಮೂಲಕ ಹರಿಯುವ ಅತ್ಯಲ್ಪ ವಿದ್ಯುತ್ತೇ ಕೆಲವು ಗಂಟೆಗಳನ್ನು ಅರೆಬರೆಯಾಗಿ ಎಚ್ಚರಗೊಳಿಸುತ್ತದೆ. ಸೂಚಕವಿಲ್ಲದ ಗುಂಡಿಯನ್ನು ಹಾಕಿಸುವುದು ಇದಕ್ಕೆ ಪರಿಹಾರ.

ವಿದ್ಯುತ್ ಹೋದಾಗ ಗಂಟೆಯೂ ಮೌನವಾಗುವುದು ಈ ಬಗೆಯ ಮುಖ್ಯ ಮಿತಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಕರೆಗಂಟೆಯನ್ನು ಅದರ ಸಾಲಿಗೆ ಸೇರಿಸಬಹುದು. ಗಂಟೆಯು ಬಳಸುವ ವಿದ್ಯುತ್ ತೀರ ಕಡಿಮೆ.

## ನಿಸ್ತಂತು ಕರೆಗಂಟೆ

### ಕಾರ್ಯವಿಧಾನ

ನಿಸ್ತಂತು ಕರೆಗಂಟೆಯ ಗುಂಡಿಯೊಳಗೆ ಒಂದು ಪುಟ್ಟ ರೇಡಿಯೊ ಪ್ರೇಷಕ ಇರುತ್ತದೆ. ಒತ್ತಿದಾಗ ಅದು ತನ್ನದೇ ಆದ ಸಂಕೇತವನ್ನು ಪ್ರಸಾರ ಮಾಡುತ್ತದೆ. ಅನೇಕ ಮಾದರಿಗಳಲ್ಲಿ ಇದರ ಆವರ್ತನ 433 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿರುತ್ತದೆ. ಮನೆಯೊಳಗಿನ ಗಂಟೆ ಅಂದರೆ ಗ್ರಾಹಕವು, ತಾನು ಮೊದಲೇ ನೆನಪಿನಲ್ಲಿಟ್ಟುಕೊಂಡ ಸಂಕೇತ ಬಂದರೆ ಮಾತ್ರ ನುಡಿಯುತ್ತದೆ. ಗುಂಡಿಗೆ ಸಾಮಾನ್ಯವಾಗಿ 3 ವೋಲ್ಟಿನ CR2032 ಅಥವಾ 12 ವೋಲ್ಟಿನ 23A ಬ್ಯಾಟರಿ ಹಾಕುತ್ತಾರೆ. ಒತ್ತುವ ಬಲದಿಂದಲೇ ತನಗೆ ಬೇಕಾದ ವಿದ್ಯುತ್ತನ್ನು ಉತ್ಪಾದಿಸಿಕೊಳ್ಳುವ, ಬ್ಯಾಟರಿ ಬೇಡದ ಗುಂಡಿಗಳೂ ಇವೆ. ಗ್ರಾಹಕವನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುತ್ತಾರೆ, ಇಲ್ಲವೇ ಪೆನ್ಸಿಲ್ ಸೆಲ್ ಹಾಕಿ ಬೇಕಾದಲ್ಲಿ ಇಡುತ್ತಾರೆ.

ಒಂದೇ ಗುಂಡಿಗೆ ಹಲವು ಗ್ರಾಹಕಗಳನ್ನು ಹೊಂದಿಸಬಹುದಾದ ಮಾದರಿಗಳು ಸಿಗುತ್ತವೆ. ಹಾಲಿನಲ್ಲಿ ಒಂದು, ಹಿಂದಿನ ಮಲಗುವ ಕೋಣೆಯಲ್ಲಿ ಒಂದು ಗ್ರಾಹಕವನ್ನು ಗೋಡೆ ಕೊರೆಯದೆಯೇ ಇರಿಸಬಹುದು ಎಂಬುದು ಈ ಬಗೆಯ ಮುಖ್ಯ ಅನುಕೂಲ. ಬಾಡಿಗೆ ಮನೆ ಬಿಡುವಾಗ ಇವನ್ನು ತೆಗೆದುಕೊಂಡು ಹೋಗಲೂಬಹುದು.

### ಮಿತಿಗಳು

ಪೆಟ್ಟಿಗೆಯ ಮೇಲೆ ಮುದ್ರಿಸುವ ನೂರು, ಇನ್ನೂರು ಮೀಟರುಗಳ ವ್ಯಾಪ್ತಿಯು ಅಡೆತಡೆಯಿಲ್ಲದ ಬಯಲಿಗೆ ಸಂಬಂಧಿಸಿದ್ದು. ಇಟ್ಟಿಗೆಯ ಗೋಡೆ ಸಂಕೇತವನ್ನು ಸ್ವಲ್ಪ ಕುಗ್ಗಿಸುತ್ತದೆ. ಉಕ್ಕಿನ ಸರಳು ತುಂಬಿದ ಕಾಂಕ್ರೀಟು ಹೆಚ್ಚು ಕುಗ್ಗಿಸುತ್ತದೆ. ಅಲ್ಯೂಮಿನಿಯಂ ಅಚ್ಚುಗಳನ್ನು ಬಳಸಿ ಕಟ್ಟುವ ಹೊಸ ಎತ್ತರದ ಕಟ್ಟಡಗಳಲ್ಲಿ ಕೋಣೆಗಳ ನಡುವಿನ ಗೋಡೆಗಳೂ ಕಾಂಕ್ರೀಟಿನವೇ ಆಗಿರುತ್ತವೆ. ಅಂಥ ಗೋಡೆಯನ್ನು ತಂತಿಗಾಗಿ ಕೊರೆಯಲು ಅನುಮತಿ ಸಿಗುವುದು ಕಷ್ಟ, ರೇಡಿಯೊ ಸಂಕೇತವೂ ಅದನ್ನು ಸುಲಭವಾಗಿ ದಾಟುವುದಿಲ್ಲ. ಗುಂಡಿಯನ್ನು ಉಕ್ಕಿನ ಬಾಗಿಲಿಗೆ ಅಥವಾ ಕಬ್ಬಿಣದ ಗ್ರಿಲ್ಲಿಗೆ ಅಂಟಿಸಿದರೂ ವ್ಯಾಪ್ತಿ ಕುಗ್ಗುತ್ತದೆ. ಅದರ ಆಂಟೆನಾದ ಬೆನ್ನಿಗೇ ಲೋಹ ತಗಲಿರುವುದು ಇದಕ್ಕೆ ಕಾರಣ.

ಗಂಟೆ ನುಡಿಯದಿದ್ದಾಗ ದೋಷ ಎಲ್ಲಿದೆ ಎಂದು ತಿಳಿಯಲು ಗುಂಡಿಯನ್ನು ಗ್ರಾಹಕದ ಪಕ್ಕಕ್ಕೆ ತಂದು ಒತ್ತಿ ನೋಡಬೇಕು. ಅಲ್ಲಿ ನುಡಿದು ಬಾಗಿಲ ಬಳಿ ನುಡಿಯದಿದ್ದರೆ ತೊಂದರೆ ಗೋಡೆಯದು ಅಥವಾ ದುರ್ಬಲವಾದ ಬ್ಯಾಟರಿಯದು. ಹೊಸ ಬ್ಯಾಟರಿ ಹಾಕಿದ ಮೇಲೂ ಬದಲಾಗದಿದ್ದರೆ ಗ್ರಾಹಕವನ್ನು ಬೇರೆ ಪ್ಲಗ್ಗಿಗೆ ಸರಿಸಬೇಕು. ಪಕ್ಕದಲ್ಲಿಯೂ ನುಡಿಯದೆ, ಗುಂಡಿಯ ದೀಪ ಮಾತ್ರ ಬೆಳಗಿದರೆ ಗ್ರಾಹಕವು ಸಂಕೇತವನ್ನು ಮರೆತಿರಬಹುದು. ಕೈಪಿಡಿಯಂತೆ ಎರಡನ್ನೂ ಮತ್ತೆ ಹೊಂದಿಸಬೇಕು.

ಬ್ಯಾಟರಿ ಮುಗಿಯುವುದು ಈ ಬಗೆಯ ಅತಿ ದೊಡ್ಡ ಕೊರತೆ. ಅದು ಮುಗಿದುದು ಮನೆಯವರಿಗೆ ತಿಳಿಯುವುದಿಲ್ಲ. ಬಂದವರು ಒತ್ತಿ, ಕಾದು, ಹಿಂತಿರುಗುತ್ತಾರೆ. ನಿಗದಿತ ದಿನದಂದು, ಉದಾಹರಣೆಗೆ ಪ್ರತಿ ಯುಗಾದಿಗೆ, ಬ್ಯಾಟರಿ ಬದಲಿಸುವ ರೂಢಿ ಇಟ್ಟುಕೊಂಡರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಅಪಾರ್ಟ್‌ಮೆಂಟುಗಳಲ್ಲಿ ಎದುರಾಗುವ ಇನ್ನೊಂದು ತೊಂದರೆಯೆಂದರೆ ನೆರೆಮನೆಯ ಗುಂಡಿಗೆ ಈ ಮನೆಯ ಗಂಟೆ ನುಡಿಯುವುದು. ಅಗ್ಗದ ಮಾದರಿಗಳಲ್ಲಿ ಸಂಕೇತಗಳ ಸಂಖ್ಯೆ ಕಡಿಮೆ ಇರುವುದರಿಂದ, ಒಂದೇ ಮಾದರಿಯನ್ನು ಕೊಂಡ ಎರಡು ಮನೆಗಳಿಗೆ ಒಂದೇ ಸಂಕೇತ ಬರಬಹುದು. ಬಾಗಿಲು ತೆರೆದರೆ ಯಾರೂ ಇರುವುದಿಲ್ಲ. ಮಕ್ಕಳ ಚೇಷ್ಟೆಯೆಂಬ ತಪ್ಪು ತಿಳಿವಳಿಕೆಗೂ ಇದು ಎಡೆಮಾಡುತ್ತದೆ. ಸಂಕೇತ ಬದಲಿಸುವ ಸೌಲಭ್ಯವಿರುವ ಅಥವಾ ಪ್ರತಿ ಗುಂಡಿಗೂ ಪ್ರತ್ಯೇಕ ಸಂಕೇತವಿರುವ ಮಾದರಿಯನ್ನು ಆರಿಸುವುದರಿಂದ ಇದನ್ನು ತಪ್ಪಿಸಬಹುದು.

## ಗುಂಡಿಯ ಸ್ಥಾನ

ಗುಂಡಿಯು ಬಾಗಿಲಿನ ಚಿಲಕದ ಬದಿಯಲ್ಲಿ, ಚೌಕಟ್ಟಿನಿಂದ ಒಂದು ಗೇಣಿನೊಳಗೆ ಇರುವುದು ಅನುಕೂಲ. ಬಂದವರ ಕಣ್ಣು ಮೊದಲು ಹೋಗುವುದು ಆ ಕಡೆಗೇ. ಎತ್ತರವು ನೆಲದಿಂದ ಸುಮಾರು 110ರಿಂದ 120 ಸೆಂಟಿಮೀಟರ್ ಇದ್ದರೆ ನಿಂತ ವಯಸ್ಕರಿಗೂ, ಗಾಲಿಕುರ್ಚಿಯಲ್ಲಿರುವವರಿಗೂ, ಶಾಲೆಯಿಂದ ಮರಳುವ ಮಕ್ಕಳಿಗೂ ಎಟಕುತ್ತದೆ.

ಅಪಾರ್ಟ್‌ಮೆಂಟುಗಳಲ್ಲಿ ಮರದ ಬಾಗಿಲ ಹೊರಗೆ ಕಬ್ಬಿಣದ ಗ್ರಿಲ್ ಬಾಗಿಲನ್ನು ನಂತರ ಹಾಕಿಸಿಕೊಳ್ಳುವುದು ಸಾಮಾನ್ಯ. ಆಗ ಮೊದಲೇ ಇದ್ದ ಗುಂಡಿಯು ಗ್ರಿಲ್ಲಿನ ಒಳಗೆ ಸೇರಿಹೋಗುತ್ತದೆ, ಇಲ್ಲವೇ ಹೊರಕ್ಕೆ ತೆರೆದ ಗ್ರಿಲ್ಲಿನ ಹಿಂದೆ ಮರೆಯಾಗುತ್ತದೆ. ಬಂದವರು ಕಂಬಿಗಳ ನಡುವೆ ಕೈ ತೂರಿಸಬೇಕಾಗುತ್ತದೆ. ಗ್ರಿಲ್ ಮಾಡಿಸುವ ಮುನ್ನವೇ ಗುಂಡಿಯು ಅದರ ಹೊರಗೆ, ಅದು ತೆರೆದುಕೊಳ್ಳುವ ದಿಕ್ಕಿಗೆ ವಿರುದ್ಧವಾಗಿ ಉಳಿಯುವಂತೆ ನೋಡಿಕೊಳ್ಳಬೇಕು. ಚಪ್ಪಲಿ ಗೂಡನ್ನು ಗುಂಡಿಯ ಕೆಳಗೆ ಇಟ್ಟರೂ ಇದೇ ತೊಂದರೆ.

ಕರಾವಳಿ ಮತ್ತು ಮಲೆನಾಡಿನ ಕಟ್ಟಡಗಳಲ್ಲಿ ಮೊಗಸಾಲೆ ತೆರೆದಿದ್ದರೆ ಮಳೆಯ ಎರಚಲು ಗುಂಡಿಯವರೆಗೂ ಬರುತ್ತದೆ. 230 ವೋಲ್ಟಿನ ಗುಂಡಿಯೊಳಗೆ ನೀರು ಸೇರಿದರೆ ಒದ್ದೆ ಕೈಯಿಂದ ಒತ್ತಿದವರಿಗೆ ಆಘಾತವಾಗುವ ಸಂಭವವಿದೆ. ಅಂಥ ಕಡೆ ನೀರು ತಡೆಯುವ ಮುಚ್ಚಳವುಳ್ಳ ಗುಂಡಿಯನ್ನು ಹಾಕಿಸಬೇಕು, ಇಲ್ಲವೇ ಹೊರಗಿನ ಭಾಗದಲ್ಲಿ ಮನೆವಿದ್ಯುತ್ತೇ ಇಲ್ಲದ ನಿಸ್ತಂತು ಗುಂಡಿಯನ್ನು ಆರಿಸಿಕೊಳ್ಳಬೇಕು.

## ಗಂಟೆಯ ಸ್ಥಾನ

ನಾದವು ದೂರ ಹೋದಂತೆ ಕುಂದುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಅದರ ಮಟ್ಟ 6 ಡೆಸಿಬೆಲ್ ಇಳಿಯುತ್ತದೆ. ಗೋಡೆಗಳು ನಾದವನ್ನು ಹಿಂತಿರುಗಿಸುವುದರಿಂದ ಮನೆಯೊಳಗೆ ಇಳಿಕೆ ಇನ್ನೂ ಕಡಿಮೆ. ಮುಚ್ಚಿದ ಬಾಗಿಲು ಮಾತ್ರ ಒಮ್ಮೆಗೇ ಸುಮಾರು 20 ಡೆಸಿಬೆಲ್‌ನಷ್ಟು ಕಡಿಮೆ ಮಾಡಬಲ್ಲದು. ಹೀಗಾಗಿ ಅಪಾರ್ಟ್‌ಮೆಂಟಿನಲ್ಲಿ ನಾದಕ್ಕೆ ದೂರಕ್ಕಿಂತ ದೊಡ್ಡ ಅಡ್ಡಿ ಬಾಗಿಲುಗಳು. ಕೋಣೆಗಳ ಬಾಗಿಲುಗಳೆಲ್ಲ ತೆರೆದುಕೊಳ್ಳುವ ನಡುವಿನ ಪ್ಯಾಸೇಜು ಗಂಟೆಗೆ ಹೆಚ್ಚಾಗಿ ಸೂಕ್ತ ಸ್ಥಳ. ಅಲ್ಲಿಂದ ಪ್ರತಿ ಕೋಣೆಗೂ ಒಂದೇ ಬಾಗಿಲಿನ ಅಡ್ಡಿ ಇರುತ್ತದೆ.

ಗಂಟೆಯನ್ನು ನೆಲದಿಂದ ಸುಮಾರು 2 ಮೀಟರಿಗಿಂತ ಮೇಲೆ, ಕಪಾಟು ಮತ್ತು ಪರದೆಗಳಿಂದ ದೂರ ಇರಿಸಬೇಕು. ಒಲೆಯ ಮೇಲ್ಭಾಗ, ಸ್ನಾನದ ಮನೆಯ ಗೋಡೆ ಮತ್ತು ತೊಟ್ಟಿಲ ಪಕ್ಕ ಇದಕ್ಕೆ ತಕ್ಕ ಸ್ಥಳಗಳಲ್ಲ.

ನಾದದ ಬಗೆಯನ್ನೂ ಗಮನಿಸಬೇಕಾಗುತ್ತದೆ. ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ಕೀಚಲು ಸ್ವರಗಳನ್ನು. ಹಕ್ಕಿಯ ಚಿಲಿಪಿಲಿಯಂಥ ಎತ್ತರದ ಸ್ವರದ ಗಂಟೆಯು ಮೊಮ್ಮಕ್ಕಳಿಗೆ ಚೆನ್ನಾಗಿ ಕೇಳಿಸಿದರೂ ಅಜ್ಜಿಗೆ ಕೇಳಿಸದಿರಬಹುದು. ಅಂಥವರಿಗೆ ತಗ್ಗು ಸ್ವರದ ಡಿಂಗ್-ಡಾಂಗ್ ಗಂಟೆ ಮೇಲು. ಶ್ರವಣದೋಷ ಹೆಚ್ಚಿದ್ದರೆ ನಾದದೊಂದಿಗೆ ಪ್ರಖರವಾದ ದೀಪ ಮಿನುಗಿಸುವ ನಿಸ್ತಂತು ಗ್ರಾಹಕಗಳು ಉಪಯುಕ್ತ.

## ಉದಾಹರಣೆ

ಬೆಂಗಳೂರಿನಲ್ಲಿ ಸಾಮಾನ್ಯವಾಗಿ ಕಾಣುವ, ಎರಡು ಮಲಗುವ ಕೋಣೆಗಳುಳ್ಳ ಒಂದು ಫ್ಲಾಟನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬಾಗಿಲು ಹಾಲಿಗೆ ತೆರೆಯುತ್ತದೆ. ಹಾಲಿನ ಕೊನೆಯಲ್ಲಿ ಪ್ಯಾಸೇಜು. ಅದರ ಒಂದು ಬದಿಗೆ ಅಡುಗೆಮನೆ, ತುದಿಯಲ್ಲಿ ಹಿಂದಿನ ಮಲಗುವ ಕೋಣೆ. ಮುಂಬಾಗಿಲಿನಿಂದ ಈ ಕೋಣೆಗೆ ಸುಮಾರು 12 ಮೀಟರ್. ಗಂಟೆ ಇರುವುದು ಮುಂಬಾಗಿಲ ಮೇಲೆ. ಮಧ್ಯಾಹ್ನ ಹಿರಿಯರೊಬ್ಬರು ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು, ಫ್ಯಾನು ಹಾಕಿಕೊಂಡು ಮಲಗುತ್ತಾರೆ. ಆ ಹೊತ್ತಿಗೆ ಬಂದ ಅಂಚೆಯವರೂ ಅಡುಗೆ ಅನಿಲ ತರುವವರೂ ಗಂಟೆ ಒತ್ತಿ ಹಿಂತಿರುಗುತ್ತಾರೆ.

ಗಂಟೆಯ ನಾದ ಒಂದು ಮೀಟರ್ ದೂರದಲ್ಲಿ 85 ಡೆಸಿಬೆಲ್ ಇದೆ ಎಂದಿಟ್ಟುಕೊಂಡರೆ, ಹಾಲು ದಾಟಿ ಕೋಣೆಯ ಬಾಗಿಲಿಗೆ ಬರುವಷ್ಟರಲ್ಲಿ ಅದು ಸುಮಾರು 68ಕ್ಕೆ ಇಳಿಯುತ್ತದೆ. ಮುಚ್ಚಿದ ಬಾಗಿಲು 20 ಡೆಸಿಬೆಲ್ ಕಳೆದರೆ ಒಳಗೆ ಉಳಿಯುವುದು 48. ವೇಗವಾಗಿ ತಿರುಗುವ ಫ್ಯಾನಿನ ಸದ್ದೇ ಸುಮಾರು 50 ಇರುತ್ತದೆ. ಗಂಟೆ ಕೆಟ್ಟಿಲ್ಲ, ಕಿವಿಯೂ ಕೆಟ್ಟಿರಬೇಕಾಗಿಲ್ಲ; ನಾದವು ಫ್ಯಾನಿನ ಸದ್ದಿನಲ್ಲಿ ಮುಳುಗಿಹೋಗಿದೆ.

ಗಂಟೆಯನ್ನು ಪ್ಯಾಸೇಜಿಗೆ, ಕೋಣೆಯ ಬಾಗಿಲಿನಿಂದ 2 ಮೀಟರ್ ದೂರಕ್ಕೆ ಸರಿಸಿದರೆ ಬಾಗಿಲ ಬಳಿ 79, ಒಳಗೆ ಸುಮಾರು 59 ಡೆಸಿಬೆಲ್ ಉಳಿಯುತ್ತದೆ. ಇದು ಫ್ಯಾನಿನ ಸದ್ದನ್ನು ಮೀರುತ್ತದೆ, ಎಚ್ಚರವಿರುವವರಿಗೆ ಸಾಕು. ನಿದ್ದೆಯಲ್ಲಿರುವ ಅಥವಾ ಕಿವಿ ಮಂದವಾದ ಹಿರಿಯರಿಗೆ ಇದೂ ಸಾಲದು. ಆದ್ದರಿಂದ ಕೋಣೆಯ ಒಳಗೇ ಎರಡನೆಯ ಗಂಟೆ ಬೇಕಾಗುತ್ತದೆ.

ಸ್ವಂತ ಮನೆಯಾದರೆ ಇದನ್ನು ತಂತಿಯಿಂದಲೇ ಮಾಡಬಹುದು. ಹಳೆಯ ಗಂಟೆಯ ಸ್ಥಾನದಿಂದ ತಂತಿಯನ್ನು ಚಾವಣಿಯ ಅಂಚಿನಲ್ಲಿ ಪಿವಿಸಿ ಪಟ್ಟಿಯೊಳಗೆ, ಅಂದರೆ ಕೇಸಿಂಗ್-ಕ್ಯಾಪಿಂಗ್‌ನಲ್ಲಿ, ಪ್ಯಾಸೇಜಿನವರೆಗೆ ಒಯ್ದು ಅಲ್ಲಿ ಗಂಟೆಯನ್ನು ಇರಿಸುತ್ತಾರೆ. ಅಲ್ಲಿಂದ ಕೋಣೆಯ ಗೋಡೆಯಲ್ಲಿ ಒಂದು ರಂಧ್ರ ಮಾಡಿ, ಒಳಗಿನ ಎರಡನೆಯ ಗಂಟೆಯನ್ನು ಸಮಾನಾಂತರವಾಗಿ ಜೋಡಿಸುತ್ತಾರೆ. ಎರಡೂ 230 ವೋಲ್ಟಿನವಾದರೆ ಒಂದೇ ಗುಂಡಿಗೆ ಎರಡೂ ಪೂರ್ಣ ಬಲದಿಂದ ನುಡಿಯುತ್ತವೆ. ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸಿದರೆ ವೋಲ್ಟೇಜು ಹಂಚಿಹೋಗಿ ಎರಡೂ ಸರಿಯಾಗಿ ನುಡಿಯುವುದಿಲ್ಲ.

ಬಾಡಿಗೆ ಮನೆಯಾದರೆ ಎರಡು ಗ್ರಾಹಕಗಳುಳ್ಳ ನಿಸ್ತಂತು ಜೋಡಿ ಸೂಕ್ತ. ಇಲ್ಲಿ ಒಂದು ಎಚ್ಚರ ಬೇಕು. ಹಳೆಯ ಗುಂಡಿಯ ಪಕ್ಕದಲ್ಲಿ ಹೊಸ ಗುಂಡಿಯನ್ನು ಅಂಟಿಸಿದರೆ ಬಂದವರು ಯಾವುದನ್ನು ಒತ್ತಬೇಕೆಂದು ತಿಳಿಯದೆ ಹಳೆಯದನ್ನೇ ಒತ್ತುತ್ತಾರೆ. ಹಳೆಯ ಗುಂಡಿಯ ಜಾಗಕ್ಕೆ ಖಾಲಿ ಫಲಕ ಹಾಕಿಸಿ, ಹೊರಗೆ ಒಂದೇ ಗುಂಡಿ ಕಾಣುವಂತೆ ಮಾಡಬೇಕು. ಹೊಸ ಗುಂಡಿಯನ್ನು ಆ ಫಲಕದ ಮೇಲೆಯೇ ಅಂಟಿಸುವುದಕ್ಕಿಂತ ಪಕ್ಕದ ಬರಿಗೋಡೆಗೆ ಅಂಟಿಸುವುದು ಮೇಲು. ಅನೇಕ ಕಡೆ ಫಲಕದ ಹಿಂದೆ ಗೋಡೆಯೊಳಗೆ ಲೋಹದ ಪೆಟ್ಟಿಗೆ ಇರುತ್ತದೆ.

ಯಾವ ಬಗೆಯಾದರೂ ಗುಂಡಿಯನ್ನು ಶಾಶ್ವತವಾಗಿ ಅಂಟಿಸುವ ಅಥವಾ ಗೋಡೆಗೆ ಮೊಳೆ ಹೊಡೆಯುವ ಮೊದಲು ಪರೀಕ್ಷೆ ನಡೆಸಬೇಕು. ಒಬ್ಬರು ಹೊರಗೆ ನಿಂತು ಐದು ನಿಮಿಷಗಳಲ್ಲಿ ಕೆಲವು ಸಲ, ಮೊದಲೇ ಹೇಳದ ಹೊತ್ತಿನಲ್ಲಿ ಒತ್ತಬೇಕು. ಇನ್ನೊಬ್ಬರು ಪ್ರತಿ ಕೋಣೆಯಲ್ಲಿಯೂ ಬಾಗಿಲು ಹಾಕಿ, ಫ್ಯಾನು ಓಡಿಸಿ, ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿಸಿ, ಕೇಳಿಸಿದ್ದನ್ನು ಎಣಿಸಬೇಕು. ಎರಡು ಎಣಿಕೆಗಳು ಹೊಂದದಿದ್ದರೆ ಗಂಟೆಯ ಸ್ಥಾನ ಬದಲಿಸಬೇಕು. ಮಿಕ್ಸಿಯ ಸದ್ದನ್ನು ಯಾವ ಗಂಟೆಯೂ ಸುಲಭವಾಗಿ ಮೀರದು, ಆದರೆ ಅದು ಒಂದೆರಡು ನಿಮಿಷಗಳಲ್ಲಿ ನಿಲ್ಲುತ್ತದೆ. ಮಧ್ಯಾಹ್ನವಿಡೀ ತಿರುಗುವ ಫ್ಯಾನು ಮತ್ತು ಮುಚ್ಚಿದ ಬಾಗಿಲನ್ನು ದಾಟಿ ನಾದ ಕೇಳಿಸುವಂತಿರಬೇಕು. ಈ ಪರೀಕ್ಷೆಯಲ್ಲಿ ಕೇಳುವವರ ಸ್ಥಾನದಲ್ಲಿ ಇರಬೇಕಾದವರು ಮನೆಯಲ್ಲಿ ಅತಿ ಕಡಿಮೆ ಕೇಳಿಸುವವರೇ.